ಮೇಣದಬತ್ತಿ, ಬಲೂನು ಮತ್ತು ಹೂಡಿಯ ಸಂಡೇ ಸ್ಕೂಲ್

ಹೂಡಿ ಮೆಟ್ರೊ ನಿಲ್ದಾಣದ ಹಿಂದಿನ ಗಲ್ಲಿಯ ಒಂದು ಮನೆ. ಸಂಡೇ ಸ್ಕೂಲ್ ಟೀಚರ್ ಖಾಲಿ ಬಲೂನನ್ನು ಊದಿ ಮೇಣದಬತ್ತಿಯ ಮೇಲೆ ಹಿಡಿದರು. ಢಂ! ಮಕ್ಕಳು ಕಿರುಚಿ, ಆಮೇಲೆ ನಕ್ಕರು. ಎರಡನೆಯ ಬಲೂನಿಗೆ ಕಾಲು ಲೋಟದಷ್ಟು ನೀರು ಸುರಿದು, ಊದಿ, ಕಟ್ಟಿ, ಅದೇ ಜ್ವಾಲೆಯ ಮೇಲೆ ಹಿಡಿದರು. ಒಡೆಯಲಿಲ್ಲ. ಕೆಳಗೆ ಮಸಿ ಹತ್ತಿತು, ಅಷ್ಟೇ. ನಾನಂತೂ ಕುರ್ಚಿಯಿಂದ ಎದ್ದು ಬಗ್ಗಿ ನೋಡಿದೆ.

ವಸ್ತು ತೋರಿಸಿ ಪಾಠ ಹೇಳುವ ಪದ್ಧತಿಗೆ ಸ್ವಿಟ್ಜರ್ಲೆಂಡಿನ ಪೆಸ್ತಲೋಜಿಯ ಹೆಸರು ಅಂಟಿದೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಶುರುಮಾಡಿದ ಭಾನುವಾರದ ಶಾಲೆಗಳು ಮುಂದೆ ಇದನ್ನು ಎತ್ತಿಕೊಂಡವು. ಇತಿಹಾಸ ಇಷ್ಟು ಸಾಕು, ಬಲೂನಿಗೆ ಬರೋಣ.

ರಬ್ಬರಿಗೆ ತಾಗಿದ ಬಿಸಿಯನ್ನು ನೀರು ಕೂಡಲೇ ಹೀರಿಕೊಳ್ಳುತ್ತದೆ. ಬಿಸಿಯಾದ ನೀರು ಮೇಲೇರಿದಂತೆ ತಣ್ಣನೆಯದು ಕೆಳಗಿಳಿಯುತ್ತದೆ. ಹಾಗಾಗಿ ರಬ್ಬರು ಕರಗುವಷ್ಟು ಕಾಯುವುದೇ ಇಲ್ಲ. ಆದರೆ ಜ್ವಾಲೆ ನೀರು ನಿಂತ ತಳಕ್ಕೇ ತಾಗಬೇಕು. ಪಕ್ಕಕ್ಕೆ, ನೀರಿಲ್ಲದ ಕಡೆ ನಾಲಗೆ ಚಾಚಿತೋ, ಇದೂ ಢಂ. ಫ್ಯಾನ್ ಆಫ್ ಮಾಡದಿದ್ದರೆ ಆಗುವುದು ಅದೇ. ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು, ಮೇಣದಬತ್ತಿ ದೊಡ್ಡವರ ಕೈಯಲ್ಲೇ ಇರಬೇಕು. ಕೆಳಗೊಂದು ಬೋಗುಣಿ ಇಟ್ಟರೆ ನೆಲ ಒದ್ದೆಯಾಗದು.

ಆ ದಿನದ ಪಾಠ ಚಿಂತೆಯ ಬಗ್ಗೆ. ಟೀಚರ್ ಓದಿಸಿದ್ದು ಯೆಶಾಯ 43ನೆಯ ಅಧ್ಯಾಯ: ಬೆಂಕಿಯ ಮೂಲಕ ನಡೆದರೂ ಸುಡದಂತೆ ಕಾಯುವೆನೆಂದು ಸೆರೆಹೋದ ಜನಕ್ಕೆ ದೇವರು ಕೊಟ್ಟ ಭರವಸೆ. ಚಿಂತೆಯ ಪಾಠಕ್ಕೆ ಸಾಮಾನ್ಯವಾಗಿ ಮತ್ತಾಯ ಸುವಾರ್ತೆಯ ಹಕ್ಕಿಗಳನ್ನು, ಹೂವುಗಳನ್ನು ತರುತ್ತಾರೆ. ನಮ್ಮ ಕನಕದಾಸರೂ ಕಲ್ಲೊಳಗಿನ ಕಪ್ಪೆಗೆ ಆಹಾರ ಒದಗಿಸುವವನನ್ನು ತೋರಿಸಿಯೇ ಮನಸ್ಸಿಗೆ ಧೈರ್ಯ ಹೇಳಿದ್ದು. ಅಲ್ಲೆಲ್ಲ ದೇವರು ಉಣಿಸುವವನು. ಬಲೂನಿನ ಪಾಠದ ರುಚಿ ಬೇರೆ: ಇಲ್ಲಿ ಬೆಂಕಿ ಆರುವುದಿಲ್ಲ, ಒಳಗಿನ ನೀರಿನಂತೆ ದೇವರು ಜೊತೆಗಿರುತ್ತಾನೆ. ಅಪ್ಪನ ಕೆಲಸ ಹೋಗಿದೆ, ಟ್ಯಾಂಕರ್ ಬಂದಿಲ್ಲ, ನಾಳೆ ಗಣಿತ ಪರೀಕ್ಷೆ. ಜ್ವಾಲೆ ಇದ್ದಲ್ಲೇ ಇದೆ. ಹೂಡಿಯ ಮಕ್ಕಳಿಗೆ ಹಕ್ಕಿಗಿಂತ ಇದು ಹತ್ತಿರ ಎಂಬುದು ನನ್ನ ಪಕ್ಷಪಾತ.

ಆದರೂ ನನಗೊಂದು ಅನುಮಾನವಿತ್ತು. ಒಡೆದ ಬಲೂನು ಯಾರು? ಹೆದರಿದ ಮಗುವೇ? ‘ನನಗೆ ಭಯ ಆಗುತ್ತೆ, ಅಂದರೆ ನನ್ನೊಳಗೆ ನೀರಿಲ್ಲ’ ಎಂದು ಮಗು ತೀರ್ಮಾನಿಸಿದರೆ ಪಾಠವೇ ಹೊಸ ಚಿಂತೆಯಾಗುತ್ತದೆ. ಅಷ್ಟರಲ್ಲಿ ಹಿಂದೆ ಕೂತಿದ್ದ ಹುಡುಗಿ ಕೇಳಿಯೇಬಿಟ್ಟಳು: “ಅಕ್ಕಾ, ಖಾಲಿ ಬಲೂನಿನ ತಪ್ಪೇನು?”

“ಅದರ ತಪ್ಪೇನೂ ಇಲ್ಲ ಪುಟ್ಟಿ. ಯಾವ ಬಲೂನಾದರೂ ತಾನೇ ನೀರು ತುಂಬಿಕೊಳ್ಳುತ್ತಾ? ಸುರಿಯೋರು ಬೇಕು. ಭಯ ಆದಾಗ ನೀನು ದೇವರ ಹತ್ತಿರ ಕೇಳು, ಆಮೇಲೆ ಅಮ್ಮನಿಗೋ ನನಗೋ ಬಂದು ಹೇಳು” ಎಂದರು ಟೀಚರ್. ಪ್ರಾರ್ಥನೆ ಮುಗಿದ ಮೇಲೆ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು ಮನೆಯ ವಿಷಯ ಕೇಳಿದರು. ಉಳಿದವರು ಬಲೂನಿಗಾಗಿ ಜಗಳ ಶುರುಮಾಡಿದ್ದರು.