ಸಕ್ಕರೆ ಕಾಯಿಲೆಯವನ ಚೀಲದಲ್ಲಿ ಸಕ್ಕರೆ ಏಕೆ?

ಸಕ್ಕರೆ ಕಾಯಿಲೆಯವನು ಸಕ್ಕರೆಯ ಹತ್ತಿರ ಸುಳಿಯಬಾರದೆಂಬುದು ನಮ್ಮಲ್ಲಿ ಎಲ್ಲರೂ ಆಡುವ ಮಾತು. ಹೀಗಿರುವಲ್ಲಿ, ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುವ ನಾನು ಸಂಜೆ ಬಾಲ್ ಬ್ಯಾಡ್ಮಿಂಟನ್ ಆಟಕ್ಕೆ ಹೊರಟಾಗ ಬ್ಯಾಟಿಗಿಂತ ಮೊದಲು ಗ್ಲೂಕೋಸ್ ಪುಡಿಯ ಪೊಟ್ಟಣವನ್ನು ಚೀಲಕ್ಕೆ ಹಾಕುವುದನ್ನು ಕಂಡು ಗೆಳೆಯರು ನಕ್ಕದ್ದುಂಟು. "ನಿಮ್ಮ ಡಾಕ್ಟರಿಗೆ ಇದು ಗೊತ್ತೇನೋ?" ಎಂದು ಕೇಳಿದವರೂ ಉಂಟು. ಅವರಿಗೆ ಆಗಾಗ ಬಿಡಿಬಿಡಿಯಾಗಿ ಹೇಳಿದ ಉತ್ತರವನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು, ಆರೋಗ್ಯವಂತನ ದೇಹದಲ್ಲಿ ಆಟದ ಹೊತ್ತಿಗೆ ಏನು ನಡೆಯುತ್ತದೆಂಬುದನ್ನು ನೋಡೋಣ. ದುಡಿಯುವ ಸ್ನಾಯುವಿಗೆ ಸಕ್ಕರೆ ಬೇಕು. ಅದು ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳತೊಡಗುತ್ತದೆ. ಹೀಗೆ ಎಳೆದುಕೊಳ್ಳುವುದಕ್ಕೆ ಅದು ಇನ್ಸುಲಿನ್ನಿನ ಅಪ್ಪಣೆಗೆ ಕಾಯುವುದೂ ಇಲ್ಲ. ಇದನ್ನರಿತ ಮೇದೋಜೀರಕ ಗ್ರಂಥಿಯು ಕೂಡಲೇ ತನ್ನ ಇನ್ಸುಲಿನ್ ಸ್ರಾವವನ್ನು ತಗ್ಗಿಸುತ್ತದೆ. ಇನ್ಸುಲಿನ್ ತಗ್ಗಿದೊಡನೆ ಯಕೃತ್ತು ತಾನು ಕೂಡಿಟ್ಟಿದ್ದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಖರ್ಚೂ ಜಮೆಯೂ ಸರಿದೂಗಿ, ಗಂಟೆಗಟ್ಟಲೆ ಆಡಿದರೂ ರಕ್ತದ ಸಕ್ಕರೆ ಹೆಚ್ಚು ಕದಲುವುದಿಲ್ಲ.

ಚುಚ್ಚಿಕೊಂಡ ಇನ್ಸುಲಿನ್ನಿಗೆ ಈ ವಿವೇಕವಿಲ್ಲ. ಚರ್ಮದಡಿಗೆ ಹೋದ ಮದ್ದನ್ನು ಹಿಂದಕ್ಕೆ ಕರೆಯುವಂತಿಲ್ಲ. ಸ್ನಾಯು ಒಂದು ಕಡೆಯಿಂದ ಸಕ್ಕರೆಯನ್ನು ಎಳೆಯುತ್ತಿರುವಾಗ ಇನ್ಸುಲಿನ್ ಇನ್ನೊಂದು ಕಡೆಯಿಂದ ಅದನ್ನು ತಗ್ಗಿಸುತ್ತದೆ. ಜೊತೆಗೆ ಯಕೃತ್ತಿನ ಉಗ್ರಾಣಕ್ಕೂ ಬೀಗ ಹಾಕಿಬಿಡುತ್ತದೆ. ಲಂಡನ್ನಿನ ಆರ್. ಡಿ. ಲಾರೆನ್ಸ್ ಎಂಬ ವೈದ್ಯರು ಸ್ವತಃ ಮಧುಮೇಹಿಗಳು. 1923ರಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದವರು. ವ್ಯಾಯಾಮವು ಇನ್ಸುಲಿನ್ನಿನ ಬಲವನ್ನು ಹೆಚ್ಚಿಸುತ್ತದೆಂಬುದನ್ನು ಅವರು 1926ರಲ್ಲಿಯೇ ಪ್ರಕಟಿಸಿದರು. ನನ್ನ ಪೊಟ್ಟಣದ ಹಿಂದಿರುವ ಸಂಗತಿ ಇದೇ.

ಎಲ್ಲ ಔಷಧಗಳೂ ಹೀಗೆ ಮಾಡುವುದಿಲ್ಲ. ಗುಳಿಗೆಗಳಲ್ಲಿ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಎಂಬವು ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತವೆ. ಊಟ ಮಾಡಿದ್ದರೂ ಹಿಂಡುತ್ತವೆ, ಮಾಡದಿದ್ದರೂ ಹಿಂಡುತ್ತವೆ. ಆದುದರಿಂದ ಇವುಗಳನ್ನು ನುಂಗಿ, ಬರಿಯ ಹೊಟ್ಟೆಯಲ್ಲಿ ಬೆಳಗಿನ ನಡಿಗೆಗೆ ಹೋಗುವ ಹಿರಿಯರಿಗೂ ನನ್ನ ಎಚ್ಚರಿಕೆಯೇ ಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ತೊಂದರೆ ಅಪರೂಪ. ತಮ್ಮ ಗುಳಿಗೆ ಯಾವ ಗುಂಪಿನದೆಂದು ವೈದ್ಯರನ್ನು ಒಂದು ಸಲ ಕೇಳಿಟ್ಟುಕೊಂಡರೆ ಸಾಕು.

ಸಕ್ಕರೆ ಇಳಿದುದನ್ನು ತಿಳಿಯುವ ಬಗೆ ಹೇಗೆ? ರಕ್ತದ ಒಂದು ಡೆಸಿಲೀಟರಿನಲ್ಲಿ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅದನ್ನು ಕಡಿಮೆಯೆಂದು ಎಣಿಸುತ್ತಾರೆ. ಆಗ ದೇಹವು ಗಾಬರಿಗೊಂಡು ಅಡ್ರಿನಲಿನ್ ಎಂಬ ರಸವನ್ನು ಸುರಿಸುತ್ತದೆ. ಕೈನಡುಕ, ಎದೆಬಡಿತ, ಬೆವರು ಇವೆಲ್ಲ ಆ ರಸದ ಕೆಲಸ. ಅದರೊಡನೆ ತಡೆಯಲಾರದ ಹಸಿವೂ ಬರುತ್ತದೆ. ನಡುಕವೆಂದರೆ ಬರಿಯ ನಿಶ್ಶಕ್ತಿಯಲ್ಲ, ಮನೆಯ ಕಾವಲುಗಾರ ಬಾರಿಸುವ ಗಂಟೆ. ಅದನ್ನು ಕೇಳದೆ ಮುಂದುವರಿದರೆ ಮೆದುಳಿಗೇ ಸಕ್ಕರೆ ಸಾಲದೆ ಮಾತು ತೊದಲುತ್ತದೆ, ಕಣ್ಣು ಮಂಜಾಗುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ, ಕೊನೆಗೆ ಎಚ್ಚರವೇ ತಪ್ಪಬಹುದು.

ಆಟಗಾರನಿಗೆ ಇಲ್ಲೊಂದು ತೊಡಕಿದೆ. ಬೆವರೂ ಎದೆಬಡಿತವೂ ಆಟದಲ್ಲಿ ಹೇಗೂ ಇದ್ದೇ ಇರುತ್ತವಲ್ಲವೆ? ಆದುದರಿಂದ ನಾನು ಬೇರೆ ಗುರುತುಗಳನ್ನು ಇಟ್ಟುಕೊಂಡಿದ್ದೇನೆ. ಒಂದು ನಿಮಿಷ ಸುಮ್ಮನೆ ನಿಂತು ಬೆರಳುಗಳನ್ನು ಚಾಚಿದಾಗಲೂ ಅವು ನಡುಗುತ್ತಿದ್ದರೆ, ಬೆವರು ತಣ್ಣಗಾಗಿ ಅಂಟುತ್ತಿದ್ದರೆ, ಅಂಕಗಳ ಲೆಕ್ಕ ತಲೆಯಲ್ಲಿ ನಿಲ್ಲದಿದ್ದರೆ, ಅದು ದಣಿವಲ್ಲ. ಮೀಟರಿದ್ದರೆ ಒಂದು ಹನಿ ರಕ್ತವನ್ನು ಪರೀಕ್ಷಿಸುತ್ತೇನೆ. ಪರೀಕ್ಷೆಗೆ ಮೊದಲು ಬೆರಳನ್ನು ತೊಳೆದು ಒರೆಸಲೇಬೇಕು. ಬಾಳೆಹಣ್ಣು ಸುಲಿದ ಬೆರಳಿನ ಅಂಟು ಸಾಕು, ಮೀಟರು ಇಲ್ಲದ ಸಕ್ಕರೆಯನ್ನು ತೋರಿಸಿಬಿಡುತ್ತದೆ. ಮೀಟರು ಇಲ್ಲದಿದ್ದರೆ ಕಡಿಮೆಯಾಗಿದೆಯೆಂದೇ ತಿಳಿದು ನಡೆಯುವುದು ಕ್ಷೇಮ.

ಆಗ ಮಾಡತಕ್ಕದ್ದು ಇಷ್ಟೆ. ಆಟ ನಿಲ್ಲಿಸಿ ಕುಳಿತು, ಬೇಗ ರಕ್ತಕ್ಕೆ ಸೇರುವ ಸಕ್ಕರೆಯನ್ನು 15 ಗ್ರಾಮಿನಷ್ಟು ತೆಗೆದುಕೊಳ್ಳಬೇಕು. ಅಷ್ಟೇ ತೂಕದ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಬಹುದು. ಇಲ್ಲವೆ ಮೂರು ಟೀ ಚಮಚೆ ಸಕ್ಕರೆಯ ಪಾನಕವೋ ಅರ್ಧ ಲೋಟ ಹಣ್ಣಿನ ರಸವೋ ಆದೀತು. 15 ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು. 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ. ಚಾಕೊಲೇಟ್, ಕಡಲೆಕಾಯಿ ಮಿಠಾಯಿ ಇವುಗಳಲ್ಲಿ ಸಿಹಿಯಿದ್ದರೂ ಜಿಡ್ಡು ಸೇರಿರುವುದರಿಂದ ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತವೆ. ಈ ಅವಸರಕ್ಕೆ ಒದಗುವುದಿಲ್ಲ. ಇನ್ನೊಂದು ಮಾತು: ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಎಂಬ ಗುಳಿಗೆ ಸೇರಿದ್ದರೆ ಅದು ಸಾಧಾರಣ ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನು ತಡೆಯುತ್ತದೆ. ಅಂಥವರು ಪಾನಕವನ್ನು ನಂಬದೆ ಗ್ಲೂಕೋಸನ್ನೇ ಇಟ್ಟುಕೊಳ್ಳಬೇಕು.

ಪೊಟ್ಟಣವೇನೋ ಆಪತ್ತಿಗೆ, ಆಪತ್ತು ಬಾರದಂತೆ ನೋಡುವುದು ಊಟದ ಲೆಕ್ಕ. ಇದಕ್ಕೆ ನನ್ನದೇ ಎರಡು ದಿನಗಳನ್ನು ಉದಾಹರಣೆಯಾಗಿ ಕೊಡುತ್ತೇನೆ. ನಾನು ತೆಗೆದುಕೊಳ್ಳುವುದು ಬೇಗ ಕೆಲಸ ಮಾಡುವ ಇನ್ಸುಲಿನ್ 30 ಪಾಲು, ನಿಧಾನವಾಗಿ ಕೆಲಸ ಮಾಡುವುದು 70 ಪಾಲು ಬೆರೆತಿರುವ ಮದ್ದು; ಬೆಳಗಿನ ತಿಂಡಿಗೆ ಮೊದಲು ಒಮ್ಮೆ, ರಾತ್ರಿಯ ಊಟಕ್ಕೆ ಮೊದಲು ಒಮ್ಮೆ. ಆ ನಿಧಾನದ ಪಾಲು ಚುಚ್ಚಿಕೊಂಡ ಮೇಲೆ ಸುಮಾರು 4ರಿಂದ 10 ಗಂಟೆಗಳ ನಡುವೆ ಬಲವಾಗಿರುತ್ತದೆ. ಬೆಳಿಗ್ಗೆ 8ಕ್ಕೆ ಚುಚ್ಚಿಕೊಂಡರೆ ಸಂಜೆ 5 ಗಂಟೆಗೆ, ಅಂದರೆ ಸರಿಯಾಗಿ ಆಟದ ಹೊತ್ತಿಗೆ, ಅದು ಇನ್ನೂ ದುಡಿಯುತ್ತಲೇ ಇರುತ್ತದೆ. ಮಧ್ಯಾಹ್ನ 1ಕ್ಕೆ ಉಂಡ ಅನ್ನವಾದರೋ ಅಷ್ಟು ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ.

ಒಂದು ಸೋಮವಾರ 4-45ಕ್ಕೆ ನೋಡಿದಾಗ ಸಕ್ಕರೆ 116 ಇತ್ತು. ಎರಡು ಏಲಕ್ಕಿ ಬಾಳೆಹಣ್ಣು ತಿಂದು 5ರಿಂದ 6ರವರೆಗೆ ಆಡಿದೆ. ಆಟ ಮುಗಿದಾಗ 108. ಹಣ್ಣು ತಂದುದನ್ನು ಆಟ ಖರ್ಚು ಮಾಡಿತ್ತು, ಲೆಕ್ಕ ಸರಿಹೋಯಿತು.

ಅದೇ ವಾರದ ಗುರುವಾರ 4-45ಕ್ಕೆ 119 ಇತ್ತು, ಹಣ್ಣುಗಳೂ ಎರಡೇ. ಆದರೆ ಅಂಕಣದಲ್ಲಿ ಬೇರೆಯವರ ಪಂದ್ಯ ನಡೆಯುತ್ತಿದ್ದುದರಿಂದ ನಮ್ಮ ಆಟ ಆರಂಭವಾದದ್ದು 5-45ಕ್ಕೆ. 6-25ರ ಹೊತ್ತಿಗೆ ಸರ್ವಿಸ್ ಮಾಡಲು ಹಿಡಿದ ಚೆಂಡು ಬೆರಳುಗಳಲ್ಲಿ ನಡುಗಿತು. ಜೊತೆಗಾರನನ್ನು ಅಂಕವೆಷ್ಟೆಂದು ಮೂರು ಬಾರಿ ಕೇಳಿದ್ದೆನಂತೆ. ಮೀಟರು 62 ತೋರಿಸಿತು. ಗ್ಲೂಕೋಸ್ ಕುಡಿದು ಕುಳಿತೆ. 6-40ಕ್ಕೆ 81 ಆಗಿ ನಡುಕ ನಿಂತಿತು. ಊಟಕ್ಕೆ ಇನ್ನೂ ಒಂದು ಗಂಟೆಗೆ ಮೇಲ್ಪಟ್ಟು ಹೊತ್ತಿದ್ದುದರಿಂದ ಎರಡು ಚೂರು ಬ್ರೆಡ್ಡನ್ನೂ ತಿಂದೆ; ಏಕೆಂದರೆ ಗ್ಲೂಕೋಸ್ ಬೇಗ ಬರುವಂತೆ ಬೇಗ ಹೋಗಿಯೂಬಿಡುತ್ತದೆ.

ಎರಡು ದಿನಗಳಲ್ಲಿಯೂ ಮದ್ದು ಒಂದೇ, ಹಣ್ಣು ಒಂದೇ, ಆಟವೂ ಒಂದೇ. ವ್ಯತ್ಯಾಸವೆಲ್ಲ ಆ ಮುಕ್ಕಾಲು ಗಂಟೆಯದು. ಆಟ ಆರಂಭವಾಗುವಷ್ಟರಲ್ಲಿ ಹಣ್ಣಿನ ಸಕ್ಕರೆ ರಕ್ತಕ್ಕೆ ಬಂದು ಇನ್ಸುಲಿನ್ನಿನ ಪಾಲಾಗತೊಡಗಿತ್ತು. ಈ ಲೆಕ್ಕವನ್ನು ತೋರಿಸಿದಾಗ ನಮ್ಮ ವೈದ್ಯರು ಮೂರು ಏರ್ಪಾಟುಗಳನ್ನು ಮಾಡಿಕೊಟ್ಟರು. ಹಣ್ಣನ್ನು ಗಡಿಯಾರ ನೋಡಿ ತಿನ್ನದೆ ಆಟ ಆರಂಭವಾಗುವುದನ್ನು ನೋಡಿ ತಿನ್ನುವುದು, ತಡವಾದರೆ ಮತ್ತೆ ಪರೀಕ್ಷಿಸುವುದು. ಆಟ ಒಂದು ಗಂಟೆ ಮೀರುವಂತಿದ್ದರೆ ನಡುವೆ ಹತ್ತು ಹದಿನೈದು ಗ್ರಾಂ ಸಕ್ಕರೆ. ಪಂದ್ಯದ ದಿನ ಬೆಳಗಿನ ಮದ್ದಿನಲ್ಲಿ ಸ್ವಲ್ಪ ಕಡಿತ. ಆ ಕಡಿತ ಎಷ್ಟೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ದೇಹದ ಲೆಕ್ಕ, ಇನ್ನೊಬ್ಬರಿಗೆ ಒಪ್ಪತಕ್ಕದ್ದಲ್ಲ. 90ಕ್ಕಿಂತ ಕಡಿಮೆಯಿದ್ದರೆ ಮಾತ್ರ, ಏನಾದರೂ ತಿಂದು ಸಕ್ಕರೆ ಏರುವವರೆಗೆ ಅಂಕಣಕ್ಕೆ ಇಳಿಯಬಾರದೆಂಬುದು ಇನ್ಸುಲಿನ್ ತೆಗೆದುಕೊಳ್ಳುವವರಿಗೆಲ್ಲ ಹೇಳುವ ಮಾತು. ತೊಡೆಗೆ ಚುಚ್ಚಿಕೊಂಡು ಓಡಿದರೆ ಮದ್ದು ಬೇಗ ರಕ್ತಕ್ಕೆ ಸೇರುವುದರಿಂದ, ಅಂಥ ದಿನ ಹೊಟ್ಟೆಗೆ ಚುಚ್ಚಿಕೊಳ್ಳುವುದು ಲೇಸು.

ಆಟ ಮುಗಿದೊಡನೆ ಅಪಾಯವೂ ಮುಗಿಯಿತೆಂದು ತಿಳಿಯಬಾರದು. ಬರಿದಾದ ಸ್ನಾಯುಗಳು ತಮ್ಮ ಉಗ್ರಾಣವನ್ನು ಮತ್ತೆ ತುಂಬಿಕೊಳ್ಳಲು ಬಹಳ ಹೊತ್ತು ಸಕ್ಕರೆಯನ್ನು ಎಳೆಯುತ್ತಲೇ ಇರುತ್ತವೆ. ಇನ್ಸುಲಿನ್ನಿನ ಬಲವು ಒಂದು ದಿನದವರೆಗೂ ಹೆಚ್ಚಾಗಿರಬಹುದು. ಸಂಜೆ ಆಡಿದವನಿಗೆ ನಡುರಾತ್ರಿ ನಿದ್ದೆಯಲ್ಲಿ ಸಕ್ಕರೆ ಇಳಿಯುವುದು ಇದರಿಂದಲೇ. ನಾನು ಮಲಗುವ ಮುನ್ನ ಪರೀಕ್ಷಿಸಿ, ವೈದ್ಯರು ನನಗೆ ಹಾಕಿಕೊಟ್ಟ ಮಿತಿಯಾದ 120ಕ್ಕಿಂತ ಕಡಿಮೆಯಿದ್ದರೆ ಒಂದು ಲೋಟ ಹಾಲು, ಎರಡು ಬಿಸ್ಕತ್ತು ತೆಗೆದುಕೊಳ್ಳುತ್ತೇನೆ. ಅವಸರಕ್ಕೆ ಒದಗದ ನಿಧಾನದ ಆಹಾರ ಇಲ್ಲಿ ಒದಗುತ್ತದೆ. ಬೆವರಿ ತೊಯ್ದ ಹಾಸಿಗೆ, ಕೆಟ್ಟ ಕನಸು, ಬೆಳಿಗ್ಗೆ ತಲೆನೋವು ಇವು ರಾತ್ರಿ ಸಕ್ಕರೆ ಇಳಿದಿತ್ತೆಂಬುದರ ಕುರುಹುಗಳಾಗಿರಬಹುದು.

ಕೊನೆಯದಾಗಿ ಜೊತೆಯಲ್ಲಿ ಆಡುವವರಿಗೆ ಒಂದು ಬಿನ್ನಹ. ಸಕ್ಕರೆ ಇಳಿದವನು ಹಲವು ವೇಳೆ "ನನಗೇನೂ ಆಗಿಲ್ಲ" ಎಂದು ಹಟ ಹಿಡಿಯುತ್ತಾನೆ. ಆ ಮಾತನ್ನು ನಂಬದೆ ಕೂರಿಸಿ ಕುಡಿಸಿರಿ. ಎಚ್ಚರ ತಪ್ಪಿದ್ದರೆ, ಇಲ್ಲವೆ ನುಂಗಲಾರದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿರಿ. ಅದು ಶ್ವಾಸನಾಳಕ್ಕೆ ಇಳಿದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಸಾಗಿಸಿರಿ. ಅಲ್ಲಿ ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಆತ ಗ್ಲಿಮೆಪಿರೈಡಿನಂಥ ಗುಳಿಗೆ ನುಂಗುವವನಾದರೆ, ಚೇತರಿಸಿಕೊಂಡ ಮೇಲೂ ಹಲವು ಗಂಟೆಗಳ ತನಕ ಸಕ್ಕರೆ ಮತ್ತೆ ಇಳಿಯಬಹುದು. ಒಬ್ಬನನ್ನೇ ಮನೆಗೆ ಕಳುಹಿಸಬಾರದು. ನನ್ನ ಪೊಟ್ಟಣ ಇರುವುದು ಚೀಲದ ಹೊರಗಿನ ಜೇಬಿನಲ್ಲಿ. ನನ್ನ ಕೈ ನಡುಗುವಾಗ ಅದನ್ನು ಬಿಚ್ಚಬೇಕಾದ ಕೈ ನಿಮ್ಮದಾಗಬಹುದಾದ್ದರಿಂದ ಇದನ್ನು ಹೇಳಿಟ್ಟಿದ್ದೇನೆ.