ಕಣ್ಣಿನ ಚೀಟಿಗಳಿಂದ ಒಂದು ಕೋಷ್ಟಕ

ಗ್ಲಾಕೋಮಾ ಇರುವವರ ಮನೆಯಲ್ಲಿ ಕಣ್ಣಾಸ್ಪತ್ರೆಯ ಚೀಟಿಗಳ ಕಟ್ಟೇ ಇರುತ್ತದೆ. ವೈದ್ಯರು ಬದಲಾದಾಗ ಹೊಸಬರು ಮೊದಲು ಹುಡುಕುವುದು ದೃಷ್ಟಿ, ಕಣ್ಣಿನ ಒತ್ತಡ, ಕನ್ನಡಕದ ಪವರ್ ಎಂಬ ಮೂರನ್ನು. ಇವನ್ನು ಒಂದು ಕೋಷ್ಟಕಕ್ಕೆ ಇಳಿಸಿಟ್ಟರೆ ಅನುಕೂಲ. ಆದರೆ ಇಳಿಸುವಾಗಲೇ ಎಡವುವುದು ಹೆಚ್ಚು.

ಉದಾಹರಣೆಗೆ ಒಂದು ಚೀಟಿ ಹೀಗಿದೆ ಎನ್ನಿ: ‘ಆರ್‌ಇ 6/36, ಕನ್ನಡಕ ಹಾಕಿದರೆ 6/6 ಪಿ. ಎಲ್‌ಇ 6/9, ಹಾಕಿದರೆ 6/6. ಐಒಪಿ 14, 22, ಎನ್‌ಸಿಟಿ, 11.20. ಪವರ್ ಆರ್‌ಇ -2.00/+0.50×180, ಎಲ್‌ಇ -0.50.’

ಆರ್‌ಇ ಎಂದರೆ ಬಲಗಣ್ಣು, ಎಲ್‌ಇ ಎಡಗಣ್ಣು. ಕೆಲವರು ಒಡಿ, ಒಎಸ್ ಎಂದು ಬರೆಯುತ್ತಾರೆ. ಒತ್ತಡದಂತೆ ಬರೀ ಎರಡು ಅಂಕಿ ಇದ್ದರೆ ಸಾಮಾನ್ಯವಾಗಿ ಮೊದಲನೆಯದು ಬಲಗಣ್ಣಿನದು. ವೈದ್ಯರ ಎದುರು ಕೂತವರ ಬಲಗಣ್ಣು ವೈದ್ಯರ ಎಡಬದಿಗೆ ಬರುತ್ತದಲ್ಲ, ಹಾಳೆಯಲ್ಲೂ ಅದೇ ಕ್ರಮ.

6/36 ಎಂದರೆ, ಸರಿಯಾದ ಕಣ್ಣು 36 ಮೀಟರಿನಿಂದ ಓದುವ ಅಕ್ಷರವನ್ನು ಈ ಕಣ್ಣು 6 ಮೀಟರಿಗೆ ಬಂದ ಮೇಲೆ ಓದುತ್ತದೆ. ‘ಪಿ’ ಎಂದರೆ ಆ ಸಾಲಿನ ಕೆಲವು ಅಕ್ಷರ ತಪ್ಪಿದವು. ಅದನ್ನು ಬಿಡಬಾರದು. ಕನ್ನಡಕ ಇಲ್ಲದ್ದು, ಇರುವುದು ಎರಡಕ್ಕೂ ಬೇರೆ ಸಾಲು ಬೇಕು.

ಒತ್ತಡದ ಜೊತೆ ಗಂಟೆ ಮತ್ತು ಉಪಕರಣ ಬರೆಯಬೇಕು. ಕಣ್ಣಿನ ಒತ್ತಡ ದಿನದಲ್ಲೇ ಏರಿಳಿಯುತ್ತದೆ. ಎನ್‌ಸಿಟಿ ಗಾಳಿ ಊದಿ ಅಳೆಯುತ್ತದೆ, ಅಪ್ಲನೇಷನ್ ಕಣ್ಣಿಗೆ ತಾಗಿಸಿ ಅಳೆಯುತ್ತದೆ. ಎರಡರ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಪವರ್‌ನದು ಇನ್ನೂ ಸೂಕ್ಷ್ಮ. ಒಬ್ಬರು ಸಿಲಿಂಡರನ್ನು ಪ್ಲಸ್‌ನಲ್ಲಿ ಬರೆದರೆ ಇನ್ನೊಬ್ಬರು ಮೈನಸ್‌ನಲ್ಲಿ ಬರೆದಿರುತ್ತಾರೆ. ಹೋಲಿಸಬೇಕಾದರೆ ಎಲ್ಲವೂ ಒಂದೇ ರೀತಿ ಇರಬೇಕು. ಎರಡೂ ಅಂಕಿ ಕೂಡಿಸಿ: -2.00ಕ್ಕೆ +0.50 ಸೇರಿ -1.50. ಸಿಲಿಂಡರಿನ ಚಿಹ್ನೆ ತಿರುಗಿಸಿ: -0.50. ಆಕ್ಸಿಸ್‌ನಲ್ಲಿ 90 ಕಳೆಯಿರಿ; ಅದು 90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 90 ಕೂಡಿಸಿ. ಗಾಜು ಅದೇ, ಬರೆಯುವ ರೀತಿ ಮಾತ್ರ ಬೇರೆ.

| | ಬಲ | ಎಡ |
|---|---|---|
| ದೃಷ್ಟಿ, ಕನ್ನಡಕವಿಲ್ಲದೆ | 6/36 | 6/9 |
| ದೃಷ್ಟಿ, ಕನ್ನಡಕದೊಂದಿಗೆ | 6/6 ಪಿ | 6/6 |
| ಒತ್ತಡ (ಎನ್‌ಸಿಟಿ, 11.20) | 14 | 22 |
| ಪವರ್ | -1.50/-0.50×90 | -0.50 |

ಬರೆದಾದ ಮೇಲೆ ಒಂದು ತಾಳೆ ನೋಡಿ. ಮೈನಸ್ ಪವರ್ ಹೆಚ್ಚಿರುವ ಕಣ್ಣಿಗೇ ಕನ್ನಡಕವಿಲ್ಲದೆ ದೂರದ್ದು ಹೆಚ್ಚು ಮಸುಕಾಗಬೇಕು. ಇಲ್ಲಿ ಬಲಗಣ್ಣಿಗೆ ಹಾಗೇ ಇದೆ. ಉಲ್ಟಾ ಕಂಡರೆ ಎಡ-ಬಲ ಅದಲುಬದಲಾಗಿರಬಹುದು, ಚೀಟಿಯನ್ನು ಮತ್ತೆ ನೋಡಿ. ಚಿಹ್ನೆಯೇ ಕಾಣದಿದ್ದರೆ ಊಹಿಸಬೇಡಿ, ಖಾಲಿ ಬಿಡಿ.

ಎಕ್ಸೆಲ್‌ನದು ಬೇರೆಯೇ ಕಾಟ: 6/9 ಎಂದು ಹೊಡೆದರೆ ಅದು ತಾರೀಖಾಗಿ ಕೂರುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಮಾಡಿಕೊಳ್ಳಿ. 22 ಕಂಡು ಗಾಬರಿಯಾಗಿ ಹನಿ ಹೆಚ್ಚಿಸಲೂ ಬೇಡಿ. ಕಣ್ಣಿನ ನರವನ್ನು ನೋಡದೆ ಆ ಅಂಕಿಯೊಂದರಿಂದ ಏನೂ ತೀರ್ಮಾನವಾಗದು. ವೈದ್ಯರ ಬಳಿ ಹೋಗುವಾಗ ಕೋಷ್ಟಕದ ಜೊತೆ ಮೂಲ ಚೀಟಿಗಳನ್ನೂ ಒಯ್ಯಿರಿ.