ಪಂಚಕರ್ಮಕ್ಕೆ ಹೊರಡುವ ಮುನ್ನ

ಕೇಂದ್ರದಿಂದ ಬರುವ ಸೂಚನಾಪತ್ರದಲ್ಲಿ ಕರಿದ ತಿಂಡಿ, ಮಾಂಸ, ಮದ್ಯ ಬಿಡಿ ಎಂದಿರುತ್ತದೆ. ಅದು ಎಲ್ಲರಿಗೂ ಅರ್ಥವಾಗುತ್ತದೆ. ಎರಡು ಸಲ ಓದಬೇಕಾದದ್ದು ಮಾತ್ರೆಗಳ ವಿಷಯ.

ಸಾಮಾನ್ಯವಾಗಿ ಮೊದಲ ಮೂರರಿಂದ ಏಳು ದಿನ ಸ್ನೇಹಪಾನ. ಬೆಳಗ್ಗೆ ಖಾಲಿ ಹೊಟ್ಟೆಗೆ ಔಷಧಿ ತುಪ್ಪ. 30 ಮಿಲಿ ಆಸುಪಾಸಿನಲ್ಲಿ ಶುರುವಾಗಿ ದಿನದಿನಕ್ಕೂ ಏರುತ್ತದೆ. ಆಮೇಲೆ ಬಿಸಿನೀರು ಮಾತ್ರ. ತುಪ್ಪ ಅರಗಿ, ಅದರ ವಾಸನೆಯಿಲ್ಲದ ತೇಗು ಬಂದು, ಚೆನ್ನಾಗಿ ಹಸಿವಾದ ಮೇಲೆಯೇ ಗಂಜಿ. ಅಷ್ಟರಲ್ಲಿ ಮಧ್ಯಾಹ್ನ ದಾಟಿರಬಹುದು. ಸಕ್ಕರೆ ಕಾಯಿಲೆಯವರು ಅಭ್ಯಾಸಬಲದಿಂದ ಬೆಳಗಿನ ಮಾತ್ರೆ ನುಂಗಿದರೆ, ಕೆಲವು ಮಾತ್ರೆಗಳಿಂದ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬಂದೀತು. ಹಾಗೆಂದು ತಾವೇ ನಿಲ್ಲಿಸಿಬಿಡುವುದೂ ಅಪಾಯವೇ. ಮಾತ್ರೆಯ ಹೆಸರು, ಮಿಲಿಗ್ರಾಂ, ತೆಗೆದುಕೊಳ್ಳುವ ಹೊತ್ತು ಬರೆದು ಕೇಂದ್ರಕ್ಕೆ ಮೊದಲೇ ಕಳಿಸಿ. ಆ ದಿನಗಳ ಡೋಸ್ ಎಷ್ಟೆಂದು ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ.